ಮೈಮೇಲಿನ ಮಚ್ಚೆಯೂ ಮಿಲಿಮೀಟರಿನ ಲೆಕ್ಕವೂ

ಶಾಲೆಯ ದಾಖಲೆಗಳಲ್ಲಿ ವಿದ್ಯಾರ್ಥಿಯ ಗುರುತಿಗಾಗಿ "ಬಲಗೆನ್ನೆಯ ಮೇಲೆ ಕಪ್ಪು ಮಚ್ಚೆ" ಎಂದು ಬರೆದುಕೊಳ್ಳುವ ರೂಢಿಯುಂಟು. ಹೆಸರು ಬದಲಾಗಬಹುದು, ಮುಖಚರ್ಯೆಯೂ ಬದಲಾಗಬಹುದು. ಮಚ್ಚೆ ಮಾತ್ರ ಇದ್ದಂತೆಯೇ ಇರುವುದೆಂಬ ನಂಬಿಕೆ ಈ ರೂಢಿಗೆ ಆಧಾರ. ನಂಬಿಕೆ ಬಹುಮಟ್ಟಿಗೆ ಸರಿಯಾದುದೇ. ಆದುದರಿಂದಲೇ, ಬೆಳೆದವರ ಮೈಮೇಲಿನ ಒಂದು ಮಚ್ಚೆ ಕೆಲವು ತಿಂಗಳುಗಳಲ್ಲಿ ಬದಲಾಗತೊಡಗಿದರೆ ನಾವು ಅದನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಅದು ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಮೊದಲ ಕುರುಹಾಗಿರಬಹುದು.

ಮಚ್ಚೆ ಎಂದರೇನು?

ನಮ್ಮ ಚರ್ಮದಲ್ಲಿ ಮುಖ್ಯವಾಗಿ ಎರಡು ಪದರಗಳಿವೆ. ಹೊರಚರ್ಮವು ದೇಹದ ಬಹುಭಾಗದಲ್ಲಿ ಸುಮಾರು 0.1 ಮಿಲಿಮೀಟರಿನಷ್ಟು ಮಾತ್ರ ದಪ್ಪ, ಅದರಲ್ಲಿ ರಕ್ತನಾಳಗಳಿಲ್ಲ. ಅದರ ಕೆಳಗಿನ ಒಳಚರ್ಮದಲ್ಲಿ ರಕ್ತನಾಳಗಳೂ ದುಗ್ಧರಸನಾಳಗಳೂ ಹೆಣೆದುಕೊಂಡಿವೆ. ಹೊರಚರ್ಮದ ತಳದಲ್ಲಿ, ಮೆಲನಿನ್ ಎಂಬ ಕಪ್ಪು ಬಣ್ಣದ ವಸ್ತುವನ್ನು ತಯಾರಿಸುವ ಜೀವಕೋಶಗಳು ಅಲ್ಲಲ್ಲಿ ಚದುರಿರುತ್ತವೆ. ಇವು ಒಂದೆಡೆ ಗುಂಪುಗೂಡಿದರೆ ಮಚ್ಚೆಯಾಗುತ್ತದೆ. ಎಳೆತನದಲ್ಲಿಯೂ ಹರೆಯದಲ್ಲಿಯೂ ಹೊಸ ಮಚ್ಚೆಗಳು ಮೂಡುವುದು ಸಹಜ. ಅವು ಸ್ವಲ್ಪ ಬೆಳೆದು ನಿಂತುಬಿಡುತ್ತವೆ. ಇದೇ ಜೀವಕೋಶಗಳು ಕಟ್ಟುಪಾಡು ಮೀರಿ ಬೆಳೆದಾಗ ಮೆಲನೋಮ ಹುಟ್ಟುತ್ತದೆ. ಹಲವು ವೇಳೆ ಅದು ಹಳೆಯ ಮಚ್ಚೆಯಿಂದಲ್ಲ, ಬರಿಯ ಚರ್ಮದಿಂದಲೇ ಹೊಸದಾಗಿ ಏಳುತ್ತದೆ.

ಕಣ್ಣಿಗೆ ಕಾಣುವ ಕುರುಹುಗಳು

1985ರಲ್ಲಿ ನ್ಯೂಯಾರ್ಕಿನ ವೈದ್ಯರು, ಸಾಮಾನ್ಯರೂ ನೆನಪಿಡುವಂತೆ, ಈ ಕುರುಹುಗಳನ್ನು ಇಂಗ್ಲಿಷ್ ವರ್ಣಮಾಲೆಯ ಮೊದಲ ನಾಲ್ಕು ಅಕ್ಷರಗಳಿಗೆ ಹೊಂದಿಸಿ ಹೇಳಿದರು. ಮೊದಲನೆಯದು ಅಸಮತೆ. ಮಚ್ಚೆಯ ಮೇಲೆ ಪಾರದರ್ಶಕವಾದ ಹಾಳೆಯನ್ನಿಟ್ಟು ಅದರ ಆಕಾರವನ್ನು ಬರೆದುಕೊಂಡು, ಹಾಳೆಯನ್ನು ನಡುವೆ ಮಡಿಸಿದೆವೆನ್ನೋಣ. ನಿರಪಾಯವಾದ ಮಚ್ಚೆಯಲ್ಲಿ ಎರಡು ಅರ್ಧಗಳೂ ಹೆಚ್ಚುಕಡಿಮೆ ಒಂದರ ಮೇಲೊಂದು ಕೂರುತ್ತವೆ. ಮೆಲನೋಮದಲ್ಲಿ ಹೇಗೆ ಮಡಿಸಿದರೂ ಅವು ಕೂಡುವುದಿಲ್ಲ. ಎರಡನೆಯದು ಅಂಚು: ನುಣುಪಾದ ವಕ್ರರೇಖೆಯ ಬದಲು, ಒದ್ದೆ ಕಾಗದದ ಮೇಲೆ ಬಿದ್ದ ಮಸಿಯಂತೆ ಕಚ್ಚುಕಚ್ಚಾಗಿ, ಅಲ್ಲಲ್ಲಿ ಮಸುಕಾಗಿ ಹರಡಿರುತ್ತದೆ. ಈ ಎರಡಕ್ಕೂ ಕಾರಣ ಒಂದೇ. ಹತೋಟಿಯಿಲ್ಲದ ಜೀವಕೋಶಗಳು ಎಲ್ಲ ದಿಕ್ಕಿಗೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ.

ಮೂರನೆಯದಾದ ಬಣ್ಣದ ವಿಷಯದಲ್ಲಿ ಭೌತಶಾಸ್ತ್ರದ ಸ್ವಾರಸ್ಯವೂ ಸೇರಿದೆ. ಮೆಲನಿನ್ ಮೇಲ್ಮೈಗೆ ಹತ್ತಿರವಿದ್ದರೆ ಕಪ್ಪಾಗಿ ಕಾಣುತ್ತದೆ; ತುಸು ಕೆಳಗಿದ್ದರೆ ಕಂದು; ಒಳಚರ್ಮದ ಆಳದಲ್ಲಿದ್ದರೆ ನೀಲಿ ಅಥವಾ ಬೂದು. ಚರ್ಮದ ಮೇಲೆ ಬಿದ್ದ ಬೆಳಕಿನಲ್ಲಿ, ದೀರ್ಘ ತರಂಗದ ಕೆಂಪು ಕಿರಣಗಳು ಆಳಕ್ಕಿಳಿದು ಮೆಲನಿನ್ನಿನಲ್ಲಿ ಹೀರಿಹೋಗುತ್ತವೆ. ಹ್ರಸ್ವ ತರಂಗದ ನೀಲ ಕಿರಣಗಳಾದರೋ ಅಷ್ಟು ದೂರ ಹೋಗುವ ಮೊದಲೇ ಚರ್ಮದ ತಂತುಗಳಿಂದ ಚದುರಿ ನಮ್ಮ ಕಣ್ಣಿಗೆ ಹಿಂದಿರುಗುತ್ತವೆ. ಆದುದರಿಂದ ಒಂದೇ ಮಚ್ಚೆಯಲ್ಲಿ ಕಂದು, ಕಪ್ಪು, ನೀಲಿ ಬೆರೆತು ಕಂಡರೆ, ಅದರ ಜೀವಕೋಶಗಳು ಬೇರೆ ಬೇರೆ ಆಳಗಳಲ್ಲಿವೆ ಎಂದು ಊಹಿಸಬಹುದು. ಹುಟ್ಟಿನಿಂದಲೋ ಬಾಲ್ಯದಿಂದಲೋ ಒಂದೇ ನೀಲಿ ಬಣ್ಣದಲ್ಲಿ ಬದಲಾಗದೆ ಇರುವ ಮಚ್ಚೆ ಸಾಮಾನ್ಯವಾಗಿ ನಿರಪಾಯ. ಬಣ್ಣಗಳ ಬೆರಕೆಯೂ ಬದಲಾವಣೆಯೂ ಅಪಾಯದ ಸೂಚನೆ.

ನಾಲ್ಕನೆಯದು ಗಾತ್ರ. ಅಡ್ಡಳತೆ 6 ಮಿಲಿಮೀಟರಿಗೆ ಮೀರಿದರೆ, ಎಂದರೆ ಪೆನ್ಸಿಲಿನ ತುದಿಯ ರಬ್ಬರಿಗಿಂತ ದೊಡ್ಡದಾದರೆ, ಸಂಶಯಕ್ಕೆ ಎಡೆಯುಂಟು. ಆದರೆ ಇದಕ್ಕಿಂತ ಚಿಕ್ಕದಾದ ಮೆಲನೋಮಗಳೂ ಇವೆ. ಇನ್ನೊಂದು ಬಗೆಯ ಮೆಲನೋಮ ಗುಂಡಗೆ, ಒಂದೇ ಬಣ್ಣದ ಗಂಟಾಗಿ ಏಳುವುದರಿಂದ ಮೇಲಿನ ಮೂರು ಪರೀಕ್ಷೆಗಳನ್ನೂ ತಪ್ಪಿಸಿಕೊಳ್ಳುತ್ತದೆ. ಆದುದರಿಂದ ಮುಂದೆ 2004ರಲ್ಲಿ ಐದನೆಯ ಕುರುಹಾಗಿ "ಬದಲಾವಣೆ"ಯನ್ನು ಸೇರಿಸಿದರು. ವಾರಗಟ್ಟಲೆ ಬೆಳೆಯುತ್ತಲೇ ಇರುವ, ತುರಿಸುವ, ತಾನಾಗಿಯೇ ರಕ್ತ ಒಸರುವ ಮಚ್ಚೆ ಯಾವ ಆಕಾರದ್ದೇ ಆಗಲಿ, ವೈದ್ಯರು ಅದನ್ನು ನೋಡಬೇಕು.

ದಪ್ಪದ ಲೆಕ್ಕ

ಇಷ್ಟು ಆತುರವೇಕೆ? ಬಹುಪಾಲು ಮೆಲನೋಮಗಳು ಮೊದಲು ಹೊರಚರ್ಮದೊಳಗೆ, ನೆಲದ ಮೇಲೆ ಚೆಲ್ಲಿದ ಎಣ್ಣೆಯಂತೆ, ಅಡ್ಡಡ್ಡಲಾಗಿ ಹರಡುತ್ತವೆ. ಈ ಹಂತ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯಬಹುದು. ಆಗ ಅವು ಕಣ್ಣಿಗೆ ಅಗಲವಾಗಿ ಕಂಡರೂ ಬಹಳ ತೆಳು. ಹೊರಚರ್ಮದಲ್ಲಿ ರಕ್ತನಾಳಗಳಿಲ್ಲದ ಕಾರಣ, ರೋಗಕ್ಕೆ ದೇಹದ ಬೇರೆಡೆಗೆ ಹೋಗಲು ದಾರಿಯಿಲ್ಲ. ಬಳಿಕ ಅವು ಕೆಳಮುಖವಾಗಿ ಬೆಳೆದು ಒಳಚರ್ಮವನ್ನು ಹೊಗುತ್ತವೆ. ಅಲ್ಲಿಂದ ಕೆಲವು ಜೀವಕೋಶಗಳು ನಾಳಗಳನ್ನು ಸೇರಿ ಶ್ವಾಸಕೋಶಕ್ಕೂ ಯಕೃತ್ತಿಗೂ ಮೆದುಳಿಗೂ ತಲಪಬಹುದು.

1970ರಲ್ಲಿ ಅಮೆರಿಕದ ರೋಗಶಾಸ್ತ್ರಜ್ಞ ಅಲೆಗ್ಸಾಂಡರ್ ಬ್ರೆಸ್ಲೋ ಅವರು ಒಂದು ಸರಳವಾದ ಅಳತೆಯನ್ನು ಮಾಡಿದರು. ಕತ್ತರಿಸಿ ತೆಗೆದ ಮೆಲನೋಮದ ತೆಳುಪದರವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ನೇತ್ರಮಸೂರದಲ್ಲಿನ ಅಳತೆಪಟ್ಟಿಯಿಂದ ಅದರ ದಪ್ಪವನ್ನು ಅಳೆದರು. ಅವರು ಪರಿಶೀಲಿಸಿದವರಲ್ಲಿ 0.76 ಮಿಲಿಮೀಟರಿಗಿಂತ ತೆಳುವಾದ ಮೆಲನೋಮವಿದ್ದ ಯಾರಲ್ಲಿಯೂ ರೋಗ ಮರುಕಳಿಸಿರಲಿಲ್ಲ. ಇಂದಿಗೂ ಚಿಕಿತ್ಸೆಯನ್ನು ಗೊತ್ತುಮಾಡುವಾಗ ಈ ದಪ್ಪಕ್ಕೆ ಪ್ರಧಾನ ಸ್ಥಾನವಿದೆ. 1 ಮಿಲಿಮೀಟರಿಗಿಂತ ತೆಳುವಾಗಿರುವಾಗಲೇ ತೆಗೆದುಹಾಕಿದವರಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಐದು ವರ್ಷಗಳ ಬಳಿಕವೂ ಈ ರೋಗಕ್ಕೆ ಬಲಿಯಾಗದೆ ಇರುತ್ತಾರೆ. ದಪ್ಪ 4 ಮಿಲಿಮೀಟರನ್ನು ಮೀರಿದರೆ, ಆ ವೇಳೆಗೆ ರೋಗ ಬೇರೆಡೆಗೆ ಹರಡಿರುವ ಭಯ ಬಹಳ ಹೆಚ್ಚು.

ಕಪ್ಪು ಚರ್ಮದವರಿಗೆ ಭಯವಿಲ್ಲವೆ?

ಮೆಲನೋಮ ಬಿಳಿಯರಲ್ಲಿ ಹೆಚ್ಚು, ನಮ್ಮಲ್ಲಿ ವಿರಳ. ಆದರೆ ಬಂದಾಗ ಅದು ಬಿಸಿಲು ಕಾಣದ ಅಂಗಾಲಿನಲ್ಲಿ, ಅಂಗೈಯಲ್ಲಿ, ಉಗುರಿನಡಿಯಲ್ಲಿ ಬರುವುದು ಹೆಚ್ಚು. ಅಲ್ಲಿ ನಾವು ಅದನ್ನು ಹುಡುಕುವುದಿಲ್ಲ. ಕಂಡರೂ ಪೆಟ್ಟಿನ ಕಲೆಯೆಂದು ಸುಮ್ಮನಾಗುತ್ತೇವೆ. ಜಮೈಕದ ಗಾಯಕ ಬಾಬ್ ಮಾರ್ಲಿಯ ಕಥೆ ಇದಕ್ಕೆ ನಿದರ್ಶನ. 1977ರಲ್ಲಿ ಅವನ ಕಾಲಿನ ಹೆಬ್ಬೆರಳ ಉಗುರಿನಡಿ ಮೆಲನೋಮವಿರುವುದು ತಿಳಿಯಿತು. ಅವನು ಕಾಲ್ಚೆಂಡಾಟವನ್ನು ಬಹಳವಾಗಿ ಆಡುತ್ತಿದ್ದುದರಿಂದ, ಅದು ಆಟದ ಪೆಟ್ಟೆಂದು ಭಾವಿಸಲ್ಪಟ್ಟಿತ್ತು. ಬೆರಳನ್ನು ತೆಗೆಯುವುದಕ್ಕೆ ಅವನು ಒಪ್ಪಲಿಲ್ಲ. ಉಗುರನ್ನೂ ಅದರ ಅಡಿಯ ಭಾಗವನ್ನೂ ಮಾತ್ರ ತೆಗೆದರು. 1980ರ ವೇಳೆಗೆ ರೋಗ ಮೆದುಳಿಗೂ ಹರಡಿತ್ತು. 1981ರ ಮೇ 11ರಂದು, 36ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು.

ಪೆಟ್ಟಿನ ಕಲೆಯೋ ಅಲ್ಲವೋ ಎಂಬುದನ್ನು ಅಳತೆಪಟ್ಟಿಯಿಂದಲೇ ಪರೀಕ್ಷಿಸಬಹುದು. ಕಾಲಿನ ಉಗುರು ತಿಂಗಳಿಗೆ ಒಂದೂವರೆ ಮಿಲಿಮೀಟರಿನಷ್ಟು ಬೆಳೆಯುತ್ತದೆ. ಹೆಪ್ಪುಗಟ್ಟಿದ ರಕ್ತವಾಗಿದ್ದರೆ, ಕಲೆ ಉಗುರಿನೊಡನೆ ಮುಂದಕ್ಕೆ ಸರಿದು, ಅದರ ಹಿಂದೆ ಸ್ವಚ್ಛವಾದ ಉಗುರು ಕಾಣಿಸಿಕೊಳ್ಳಬೇಕು. ಎರಡು ತಿಂಗಳಾದರೂ ಕಲೆ ಸರಿಯದಿದ್ದರೆ, ಕಪ್ಪು ಪಟ್ಟೆ ಅಗಲವಾಗುತ್ತಿದ್ದರೆ, ಅಥವಾ ಕಪ್ಪು ಉಗುರಿನ ಸುತ್ತಲ ಚರ್ಮಕ್ಕೂ ಹಬ್ಬಿದರೆ, ಇನ್ನು ಕಾಯಬಾರದು.

ತೆಗೆಯುವ ಬಗೆ

ಸಂಶಯದ ಮಚ್ಚೆಯನ್ನು ವೈದ್ಯರು ಸಾಮಾನ್ಯವಾಗಿ ಆ ಜಾಗವನ್ನಷ್ಟೇ ಮರಗಟ್ಟಿಸಿ, ಸುತ್ತ ಒಂದೆರಡು ಮಿಲಿಮೀಟರಿನಷ್ಟು ಒಳ್ಳೆಯ ಚರ್ಮವನ್ನೂ ಸೇರಿಸಿ, ಪೂರ್ಣವಾಗಿ ಕತ್ತರಿಸಿ ಪರೀಕ್ಷೆಗೆ ಕಳುಹಿಸುತ್ತಾರೆ. ಮೆಲನೋಮವೆಂದು ತಿಳಿದರೆ, ದಪ್ಪಕ್ಕೆ ಅನುಗುಣವಾಗಿ ಸುತ್ತಲ ಚರ್ಮವನ್ನು ಇನ್ನಷ್ಟು ತೆಗೆಯುತ್ತಾರೆ. 1 ಮಿಲಿಮೀಟರಿನೊಳಗಿನದಕ್ಕೆ 1 ಸೆಂಟಿಮೀಟರ್, 2 ಮಿಲಿಮೀಟರಿಗಿಂತ ದಪ್ಪವಾದುದಕ್ಕೆ 2 ಸೆಂಟಿಮೀಟರ್. ಕತ್ತರಿಸುವುದರಿಂದ ಕ್ಯಾನ್ಸರು ಕೆರಳುವುದೆಂಬ ಮಾತಿಗೆ ಆಧಾರವಿಲ್ಲ. ಕ್ಷಾರವನ್ನು ಹಚ್ಚಿಯೋ ಕಾಯಿಸಿದ ಸೂಜಿಯಿಂದಲೋ ಮಚ್ಚೆಯನ್ನು ಸುಡುವುದೇ ನಿಜವಾಗಿ ಅಪಾಯಕರ: ಮೇಲಿನ ಕಪ್ಪು ಮಾಯವಾಗಿ ಅಡಿಯ ಬೇರು ಉಳಿಯಬಹುದು, ಅಳೆಯಬೇಕಾದ ದಪ್ಪವೂ ಸುಟ್ಟುಹೋಗುತ್ತದೆ.

ಮಚ್ಚೆಯ ಅಗಲವನ್ನು ನಾವು ಕಣ್ಣಿನಿಂದ ಅಳೆಯಬಲ್ಲೆವು, ದಪ್ಪವನ್ನು ಅಳೆಯಲಾರೆವು. ಅದು ಒಂದು ಮಿಲಿಮೀಟರಿನ ಒಳಗೆ ಇರುವಾಗಲೇ ವೈದ್ಯರ ಕೈಸೇರಬೇಕಾದರೆ, ಬದಲಾವಣೆ ಕಂಡ ವಾರದಲ್ಲಿಯೇ ಹೋಗಿ ತೋರಿಸಬೇಕು.