ಜೋಡಿ ಷೇರುಗಳಿಗೆ ಬದಲಾಗುವ ಪ್ರಮಾಣ

ಎನ್‌ಎಂಡಿಸಿಯ ದೋಣಿಮಲೆ ಗಣಿಯೂ ಸಂಡೂರು ಮ್ಯಾಂಗನೀಸ್ ಕಂಪನಿಯ ಗಣಿಗಳೂ ಸಂಡೂರು ತಾಲ್ಲೂಕಿನವೇ. ಇವೆರಡರ ಷೇರು ಬೆಲೆ ಜೊತೆಯಾಗಿ ಸಾಗೀತೆಂದು ನಂಬಿ ಒಂದನ್ನು ಕೊಂಡು ಇನ್ನೊಂದನ್ನು ಮಾರುವವನಿಗೆ, ಒಂದಕ್ಕೆ ಇನ್ನೊಂದು ಎಷ್ಟೆಂಬ ಪ್ರಮಾಣ ಬೇಕು. ಹಳೆಯ ಬೆಲೆಗಳ ನಡುವೆ ಸರಳರೇಖೆ ಎಳೆದರೆ ಸ್ಥಿರ ಪ್ರಮಾಣ ದೊರೆಯುತ್ತದೆ. ಆದರೆ 2022ರಲ್ಲಿ ನಗರನಾರ್ ಉಕ್ಕಿನ ಕಾರ್ಖಾನೆ ಎನ್‌ಎಂಡಿಸಿಯಿಂದ ಬೇರೆಯಾಯಿತು. ಆ ರೇಖೆಗೆ ಮುಂಚಿನ ಷೇರೂ ನಂತರದ ಷೇರೂ ಒಂದೇ.

ಕಾಲ್ಮನ್ ಶೋಧಕವು ಪ್ರಮಾಣವನ್ನು ದಿನದಿನವೂ ತಿದ್ದುತ್ತದೆ. ನಾನು ಕಲ್ಪಿತ ಅಂಕಿಗಳಿಂದ ಲೆಕ್ಕ ಹಾಕಿದೆ: ನಿನ್ನೆಯ ಪ್ರಮಾಣ 2; ಒಂದರ ಬೆಲೆ 100 ಆದರೆ ಇನ್ನೊಂದು 200 ಇರಬೇಕು, ಇರುವುದು 210. ಈ ಹತ್ತರಲ್ಲಿ ಕಾಲುಭಾಗವನ್ನಷ್ಟೇ ನಿಜವಾದ ಬದಲಾವಣೆಯೆಂದು ನಂಬಿದರೆ ಹೊಸ ಪ್ರಮಾಣ 2.025. ಪೂರಾ ನಂಬಿದರೆ 2.1, ಅಂತರವೇ ಅಳಿದು ವ್ಯಾಪಾರಕ್ಕೆ ಏನೂ ಉಳಿಯದು. ಆಗ ಪ್ರಮಾಣದ ನಕ್ಷೆ ಬೆಲೆಯೊಡನೆಯೇ ಕುಣಿಯುತ್ತದೆ.