ಎನ್‌ಪಿಎಸ್: ವಯಸ್ಸಿನೊಂದಿಗೆ ಬದಲಾಗುವ ಹೂಡಿಕೆ ಹಂಚಿಕೆ

ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯ (ಎನ್‌ಪಿಎಸ್) ಎಲ್‌ಸಿ-50 ಆಯ್ಕೆಯಲ್ಲಿ 35 ವರ್ಷದವರೆಗೆ ಷೇರಿನ ಪಾಲು 50%. ಆಮೇಲೆ ಅದು ವರ್ಷಕ್ಕೆ 2 ಅಂಶದಂತೆ ಇಳಿದು 55ಕ್ಕೆ 10% ಆಗುತ್ತದೆ. ಮರುಹೊಂದಾಣಿಕೆ ಪ್ರತಿ ಹುಟ್ಟುಹಬ್ಬದಂದು ತಾನಾಗಿ ನಡೆಯುತ್ತದೆ.

ಉದಾಹರಣೆಗೆ, ಅರಸೀಕೆರೆಯ 35ರ ಕೊಬ್ಬರಿ ವರ್ತಕರೊಬ್ಬರ ಖಾತೆಯಲ್ಲಿ 10 ಲಕ್ಷ ಇದೆ ಎನ್ನೋಣ. ವರ್ಷದಲ್ಲಿ ಷೇರು 20%, ಸಾಲಪತ್ರ 7% ಏರಿದರೆ ಮೊತ್ತ 11.35 ಲಕ್ಷ, ಷೇರಿನ ಪಾಲು ಸುಮಾರು 53%. 36ಕ್ಕೆ ಇರಬೇಕಾದದ್ದು 48%. ಹಾಗಾಗಿ ಸುಮಾರು 55 ಸಾವಿರ ರೂಪಾಯಿ ಸಾಲಪತ್ರಕ್ಕೆ ಸರಿಯುತ್ತದೆ. ಹೀಗೆ ಮಾಡದಿದ್ದರೆ ಏರುಪೇಟೆಯೇ ಅಪಾಯವನ್ನು ಸದ್ದಿಲ್ಲದೆ ಹೆಚ್ಚಿಸುತ್ತದೆ. ಮುಂದಿನ ಕುಸಿತದ ಪೆಟ್ಟೂ ದೊಡ್ಡದು.

ಈ ಸೂತ್ರಕ್ಕೆ ವಯಸ್ಸು ಮಾತ್ರ ಗೊತ್ತು, ಗುರಿ ಗೊತ್ತಿಲ್ಲ. ಮೂರು ವರ್ಷದಲ್ಲಿ ಬೇಕಾಗುವ ಮಗಳ ಕಾಲೇಜು ಶುಲ್ಕವನ್ನು ಠೇವಣಿಯಲ್ಲಿ ಪ್ರತ್ಯೇಕವಾಗಿಡುವುದೇ ಸರಿ.