ಹಳೆಯ ಪೆಟ್ರೋಲಿಗೆ ಹೊಸದು ಬೆರೆತಾಗ

ಆರು ತಿಂಗಳು ನಿಂತಿದ್ದ ಸ್ಕೂಟರಿನ 5 ಲೀಟರ್ ಟ್ಯಾಂಕಿನಲ್ಲಿ 1 ಲೀಟರ್ ಹಳೆಯ ಪೆಟ್ರೋಲು ಉಳಿದಿದೆಯೆಂದು ಭಾವಿಸೋಣ. ಅದರ ಹಗುರವಾದ ಅಂಶಗಳು ಆವಿಯಾಗಿ ಹೋಗಿರುವುದರಿಂದ ತಣ್ಣಗಿರುವ ಎಂಜಿನು ಸುಲಭವಾಗಿ ಚಾಲೂ ಆಗದು. 4 ಲೀಟರ್ ಹೊಸ ಪೆಟ್ರೋಲನ್ನು ತುಂಬಿದರೆ ಹಳೆಯದರ ಪಾಲು ಶೇಕಡಾ 20 ಆಗುತ್ತದೆ. ಈ ಮಿಶ್ರಣವು ವೆಚ್ಚವಾಗಿ ಮತ್ತೆ 1 ಲೀಟರಿಗೆ ಇಳಿದಾಗ ಅದರಲ್ಲಿ ಹಳೆಯದು 200 ಮಿಲಿಲೀಟರ್ ಮಾತ್ರ. ಪುನಃ 4 ಲೀಟರ್ ತುಂಬಿದರೆ ಅದರ ಪಾಲು ಶೇಕಡಾ 4ಕ್ಕೆ ಇಳಿಯುವುದು.

ಆದರೆ ಈ ಲೆಕ್ಕವು ಬೆರೆಯುವ ದ್ರವಕ್ಕೆ ಮಾತ್ರ ಸಲ್ಲುತ್ತದೆ. ಪೆಟ್ರೋಲು ಆಮ್ಲಜನಕದೊಡನೆ ಕೂಡಿ ಉಂಟಾದ ಅಂಟು ಕಾರ್ಬ್ಯುರೇಟರಿನ ಸೂಕ್ಷ್ಮರಂಧ್ರದಲ್ಲಿ ಒಣಗಿದ್ದರೆ, ಟ್ಯಾಂಕಿಗೆ ಎಷ್ಟು ಸುರಿದರೂ ಅದು ತೊಲಗದು. ತಳದಲ್ಲಿ ನೀರು ಬೇರ್ಪಟ್ಟಿದ್ದರೆ ಎಂಜಿನಿಗೆ ಮೊದಲು ಹೋಗುವುದು ಅದೇ. ಆದುದರಿಂದ ಮೊದಲು ಸ್ವಲ್ಪ ಪೆಟ್ರೋಲನ್ನು ಗಾಜಿನ ಸೀಸೆಯಲ್ಲಿ ಹಿಡಿದು ನೋಡಬೇಕು. ವಾರ್ನಿಷಿನಂತಹ ವಾಸನೆಯಿದ್ದರೆ, ಇಲ್ಲವೆ ತಳದಲ್ಲಿ ಬೇರೊಂದು ಪದರವು ಕಂಡರೆ, ಬೆರೆಸದೆ ಬಸಿದು ತೆಗೆಯುವುದೇ ಯುಕ್ತ.